ಮೂರು ಕಾಲೇಜು, ಒಂದು ಮಂಚ

ನಾವು ಮೂವರು ಮೇಷ್ಟ್ರುಗಳು ಬೀರೂರಿನಲ್ಲಿ ಸೇರುತ್ತಿದ್ದುದಕ್ಕೆ ಬೀರೂರಿನ ಮೇಲಿನ ಪ್ರೀತಿಯೇನೂ ಕಾರಣವಲ್ಲ. ನಾನು ತರೀಕೆರೆಯ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಫಾರ್ಮಸಿ ಕಾಲೇಜಿನ ಸರ್ ಕಡೂರಿನವರು. ಫಿಸಿಯೋಥೆರಪಿ ಕಲಿಸುವ ಮೇಡಂ ಜಿಲ್ಲಾ ಕೇಂದ್ರದಿಂದ ಬಸ್ಸು ಹತ್ತಿ ಬರಬೇಕಿತ್ತು. ತರೀಕೆರೆಗೆ ಬನ್ನಿ ಎಂದರೆ ಸರ್‌ಗೆ ಕಡೂರಿನ ಮರ್ಯಾದೆ ಹೋದಂತೆ; ಕಡೂರಿಗೆ ಬನ್ನಿ ಎಂದರೆ ನನಗೆ ತರೀಕೆರೆಯ ಮರ್ಯಾದೆ ಹೋದಂತೆ. ಕೊನೆಗೆ ನಡುವೆ ಇದ್ದ ಬೀರೂರಿನ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲು ಗೆದ್ದಿತು. ಅಲ್ಲಿ ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿ, ಮೇಜು ಒರೆಸಿಕೊಂಡು ನಾವು ಕೆಲಸ ಮಾಡುತ್ತಿದ್ದೆವು.

ಕೆಲಸ ಇಷ್ಟೇ. ಮೂರೂ ಕಾಲೇಜಿನ ಕೊನೆಯ ವರ್ಷದ ಮಕ್ಕಳನ್ನು ಒಂದೇ ಮಂಚದ ಸುತ್ತ ನಿಲ್ಲಿಸಿ, ಒಬ್ಬರೇ ರೋಗಿಯನ್ನು ಕೂಡಿ ನೋಡಿಕೊಳ್ಳುವುದನ್ನು ಕಲಿಸುವ ಒಂದು ದಿನದ ಕಾರ್ಯಾಗಾರ. ಈ ಮಕ್ಕಳು ನಾಳೆ ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುತ್ತಾರೆ. ಆದರೆ ಓದುವಾಗ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ನರ್ಸ್ ಎಂದರೆ ಸೂಜಿ, ಫಾರ್ಮಸಿ ಎಂದರೆ ಅಂಗಡಿ, ಫಿಸಿಯೋ ಎಂದರೆ ಕಾಲು ಎಳೆಯುವವರು. ಊರಿನ ಜನ ಹೀಗಂದುಕೊಂಡರೆ ತಪ್ಪಿಲ್ಲ. ಇವರೂ ಒಬ್ಬರನ್ನೊಬ್ಬರು ಹೀಗೇ ಅಂದುಕೊಂಡಿರುವುದನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

ರೋಗಿ ಯಾರು ಎಂಬ ಪ್ರಶ್ನೆ ಬಂದಾಗ ಎತ್ತು ಏರಿಗೆ, ಕೋಣ ನೀರಿಗೆ. ಸರ್‌ಗೆ ಹನ್ನೊಂದು ಥರದ ಮಾತ್ರೆ ನುಂಗುವ ರೋಗಿ ಬೇಕು. ಮೇಡಂಗೆ ಲಕ್ವ ಹೊಡೆದವರು ಬೇಕು. ನನಗೆ ಹಾಸಿಗೆ ಹುಣ್ಣು ಇದ್ದರೆ ಚೆನ್ನ. ಹಾಗೆ ಸೇರಿಸುತ್ತ ಹೋಗಿದ್ದರೆ ಆ ರೋಗಿ ನಮ್ಮ ಕಾರ್ಯಾಗಾರಕ್ಕೆ ಮೊದಲೇ ತೀರಿಕೊಳ್ಳುತ್ತಿದ್ದ.

ಆಗ ನಾನು ನನ್ನ ದೊಡ್ಡಮ್ಮನ ವಿಷಯ ತೆಗೆದೆ.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಅಜ್ಜಂಪುರದ ಪಕ್ಕದ ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಎಪ್ಪತ್ತು ದಾಟಿದ ಜೀವ. ತೆಂಗಿನ ತೋಟಕ್ಕೆ ನೀರು ಬಿಟ್ಟಿದ್ದಾರೋ ಇಲ್ಲವೋ ಎಂದು ದಿನಾ ತಾನೇ ಹೋಗಿ ನೋಡಿ ಬರುತ್ತಿದ್ದವಳು. ಕೊಟ್ಟಿಗೆಯಲ್ಲಿ ಜಾರಿ ಸೊಂಟದ ಕೀಲಿನ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಮನೆಗೆ ಬಂದ ಮೇಲೆ ಫಿಸಿಯೋಥೆರಪಿಯ ಒಬ್ಬ ಹುಡುಗ ವಾರಕ್ಕೆ ಎರಡು ಸಲ ಬಂದು ವ್ಯಾಯಾಮ ಮಾಡಿಸುತ್ತಿದ್ದ. ವಾಕರ್ ಹಿಡಿದು ಜಗಲಿಯ ತನಕ ನಡೆಯುವಷ್ಟಾಗಿದ್ದಳು.

ಒಂದು ಬೆಳಿಗ್ಗೆ ವ್ಯಾಯಾಮದ ನಡುವೆ ಮೈಯೆಲ್ಲ ಬೆವೆತು, ಕಣ್ಣು ಮೇಲೆ ಮಾಡಿ ಕುಸಿದಳು. ಹುಡುಗ ಹಿಡಿದುಕೊಂಡ, ಮಲಗಿಸಿದ, ಕಾಲು ಮೇಲೆ ಎತ್ತಿಟ್ಟ. ಅಷ್ಟರಲ್ಲಿ ಯಾರೋ ಕಾಫಿ ತಂದರು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಅವತ್ತಿನಿಂದ ದೊಡ್ಡಮ್ಮ ವಾಕರ್ ಮುಟ್ಟಲಿಲ್ಲ. ಕಕ್ಕಸಿಗೆ ಹೋಗಲೂ ಇಬ್ಬರು ಹಿಡಿದು ಕುರ್ಚಿಗೆ ದಾಟಿಸಬೇಕು. ಉಳಿದಂತೆ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. ಕೇಳಿದರೆ ಒಂದೇ ಮಾತು: ''ಈ ಕಾಲು ನನ್ನ ಮಾತು ಕೇಳಲ್ಲ ಕಣೇ. ಸುಮ್ನೆ ಬಿಟ್ಬಿಡಿ.''

ಅವಳನ್ನು ಹಾಗೆ ನೋಡುವುದು ನನಗೆ ಸಂಕಟವಾಗುತ್ತಿತ್ತು. ನರ್ಸಿಂಗ್ ಕಲಿಸುವವಳ ಮನೆಯವರೇ ಹಾಸಿಗೆ ಹಿಡಿದರೆ ಸಂಕಟದ ಜೊತೆ ಸಿಟ್ಟೂ ಬರುತ್ತದೆ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆ ಫಿಸಿಯೋ ಹುಡುಗ ಅವಸರ ಮಾಡಿದ ಎಂದು ನಾನು ಹೇಳುತ್ತಿದ್ದೆ. ಬಿ.ಪಿ. ಮಾತ್ರೆ ಜಾಸ್ತಿಯಾಗಿದೆ ಎಂದು ಅವನು ಹೇಳುತ್ತಿದ್ದ. ಮೆಡಿಕಲ್ ಶಾಪಿನವನು ಚೀಟಿಯಲ್ಲಿ ಇದ್ದದ್ದನ್ನೇ ಕೊಟ್ಟಿದ್ದೇನೆ ಎನ್ನುತ್ತಿದ್ದ. ಅಣ್ಣ, ಅಂದರೆ ದೊಡ್ಡಮ್ಮನ ಮಗ, ಮೂವರ ಮೇಲೂ ಕೂಗಾಡುತ್ತಿದ್ದ.

ಕಥೆ ಕೇಳಿ ಸರ್ ಕಾಫಿ ಲೋಟ ಕೆಳಗಿಟ್ಟರು. ''ಮೇಡಂ, ಇದಕ್ಕಿಂತ ಒಳ್ಳೆ ಕೇಸ್ ಯಾಕೆ ಹುಡುಕ್ತಾ ಇದೀವಿ ನಾವು?''

ದೊಡ್ಡಮ್ಮನನ್ನು ಕೇಳಿದೆವು. ಹೆಸರು ಊರು ತೆಗೆದು ಬಳಸಿಕೊಳ್ಳುತ್ತೇವೆ ಎಂದಾಗ, ''ಹೆಸರು ಹಾಕುದ್ರೂ ಏನಾಯ್ತದೆ, ನಾನೇನ್ ಕಳ್ತನ ಮಾಡಿದ್ನಾ?'' ಎಂದಳು. ಹೆಸರಂತೂ ತೆಗೆದೆವು.

ಕೇಸ್ ಬರೆಯುವಾಗ ಸರಿಯುತ್ತರವನ್ನೂ ನಾವೇ ಬರೆದಿಟ್ಟುಕೊಂಡೆವು. ಬಿ.ಪಿ.ಗೆ ಎರಡು ಮಾತ್ರೆ ಇವೆ. ಬಹಳ ದಿನ ಮಲಗಿದ್ದಾರೆ. ತಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತಿ ಬಿದ್ದಿದ್ದಾರೆ. ನರ್ಸಿಂಗ್ ಮಕ್ಕಳು ಮಲಗಿದಾಗಲೂ ನಿಂತಾಗಲೂ ಬಿ.ಪಿ. ನೋಡಬೇಕು, ಫಾರ್ಮಸಿ ಮಕ್ಕಳು ಮಾತ್ರೆ ಗುರುತಿಸಬೇಕು, ಫಿಸಿಯೋ ಮಕ್ಕಳು ನಿಧಾನವಾಗಿ ಎಬ್ಬಿಸುವುದನ್ನು ಯೋಜಿಸಬೇಕು. ಮೂವರಿಗೂ ಸಮಪಾಲು. ನಮಗೆ ನಮ್ಮ ಮೇಲೆಯೇ ಹೆಮ್ಮೆಯಾಯಿತು. ಸಕ್ಕರೆ ಕಾಯಿಲೆಯ ಮಾತ್ರೆಯೂ ಪಟ್ಟಿಯಲ್ಲಿತ್ತು. ಅವತ್ತು ಸಕ್ಕರೆ ಇಳಿದಿರಬಹುದೇ ಎಂದು ಮೇಡಂ ಒಮ್ಮೆ ಕೇಳಿದರು. ''ಕೈ ನಡುಗಿಲ್ಲ, ಎದೆ ಹೊಡ್ಕೊಂಡಿಲ್ಲ, ತಿಂಡಿನೂ ಆಗಿತ್ತಂತೆ'' ಎಂದು ನಾನೇ ಆ ಮಾತನ್ನು ಮುಗಿಸಿದೆ.

ಮೊದಲ ಪ್ರಯೋಗ ನಮ್ಮ ಕಾಲೇಜಿನ ಅಭ್ಯಾಸದ ಕೋಣೆಯಲ್ಲಿ ನಡೆಯಿತು. ಮಂಚದ ಮೇಲೆ ಬೊಂಬೆ. ಮೂರು ಕಾಲೇಜಿಗೂ ಬೇರೆ ಬೇರೆ ಹಾಳೆ. ನರ್ಸಿಂಗ್ ಮಕ್ಕಳು ಬೊಂಬೆಗೆ ಬಿ.ಪಿ. ಪಟ್ಟಿ ಕಟ್ಟಿದರು. ಫಾರ್ಮಸಿ ಮಕ್ಕಳು ಮಂಚಕ್ಕೆ ಬೆನ್ನು ಹಾಕಿ ಮೂಲೆಯಲ್ಲಿ ಚೀಟಿ ಓದಿದರು. ಫಿಸಿಯೋ ಮಕ್ಕಳು ತಮ್ಮ ಸರದಿ ಬರಲಿ ಎಂದು ಕಾದು, ಬಂದ ಮೇಲೆ ಬೊಂಬೆಯ ಮೊಣಕಾಲು ಮಡಿಸಿದರು. ಪಕ್ಕಪಕ್ಕದ ಜಮೀನಿನವರ ಹಾಗೆ ಯಾರೂ ಬದು ದಾಟಲಿಲ್ಲ. ಕೊನೆಯಲ್ಲಿ ಮೂರು ಚೆಂದದ ಹಾಳೆಗಳು ಬಂದವು. ಸರ್‌ಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ.

''ಇದು ಜಂಟಿ ಕಾರ್ಯಾಗಾರ ಅಲ್ಲ ಸರ್, ಮೂರು ಪರೀಕ್ಷೆ ಒಂದೇ ಹಾಲ್‌ನಲ್ಲಿ ನಡೆದಂಗಾಯ್ತು'' ಎಂದೆ.

ಸರ್ ಕೋಪಿಸಿಕೊಳ್ಳಲಿಲ್ಲ. ಅವರದು ತಣ್ಣನೆಯ ಸ್ವಭಾವ. ಅದೇ ನನಗೆ ಇನ್ನಷ್ಟು ಕಿರಿಕಿರಿ. ಮುಂದಿನ ವಾರ ಬೀರೂರಿನಲ್ಲಿ ಮತ್ತೆ ಕೂತು ನಿಯಮಗಳನ್ನು ಬದಲಿಸಿದೆವು. ಒಂದು ತಂಡದಲ್ಲಿ ಮೂರೂ ಕಾಲೇಜಿನವರು ಒಬ್ಬೊಬ್ಬರು ಇರಬೇಕು. ಮೊದಲು ಸ್ವಲ್ಪ ಹೊತ್ತು ತಮ್ಮ ತಮ್ಮ ಹಾಳೆ ಓದಿಕೊಳ್ಳಲಿ. ಆಮೇಲೆ ಯೋಜನೆ ಬರೆಯುವುದಕ್ಕೆ ಇಡೀ ತಂಡಕ್ಕೆ ಒಂದೇ ಹಾಳೆ, ಒಂದೇ ಪೆನ್ನು. ಉಳಿದಿಬ್ಬರು ಒಪ್ಪದೆ ಒಂದು ಸಾಲನ್ನೂ ಬರೆಯುವ ಹಾಗಿಲ್ಲ. ನಾವು ಮೇಷ್ಟ್ರುಗಳು ಗೋಡೆಯ ಕಡೆ ಕೂರಬೇಕು, ಬಾಯಿ ಬಿಡಬಾರದು. ಏನಾದರೂ ಹೆಚ್ಚುಕಮ್ಮಿಯಾಗಿ ಯಾರಾದರೂ 'ನಿಲ್ಲಿಸಿ' ಎಂದರೆ ಮಾತ್ರ ಎಲ್ಲವೂ ಅಲ್ಲಿಗೆ ನಿಲ್ಲಬೇಕು.

ಇನ್ನೊಂದು ನಿಯಮ ನನ್ನದು. ರೋಗಿಯನ್ನು ಕೇಳುವುದನ್ನೆಲ್ಲ ಮೂವರೂ ಎದುರಿಗಿದ್ದಾಗಲೇ ಕೇಳಬೇಕು. ವಾರ್ಡಿನಲ್ಲಿ ಒಬ್ಬರಾದ ಮೇಲೊಬ್ಬರು ಬಂದು ಅದದೇ ಪ್ರಶ್ನೆ ಕೇಳಿ ರೋಗಿಯನ್ನು ದಣಿಸುವುದನ್ನು ಎಷ್ಟೋ ವರ್ಷ ನೋಡಿದ್ದೇನೆ.

ಸರ್ ಕೂಡ ಒಂದು ಸೇರಿಸಿದರು. ''ಹೌದಾ, ಇಲ್ವಾ, ಆಯ್ತಾ ಅಂತ ಮುಗಿಯೋ ಪ್ರಶ್ನೆ ಬೇಡ ಮೇಡಂ. ಯಾವುದು, ಯಾವಾಗ, ಏನು, ಹೆಂಗೆ ಅಂತ ಕೇಳಲಿ. ನಾವು ಕೌಂಟರ್‌ಗೆ ಕಳಿಸೋ ಮುಂಚೆ ಮಕ್ಕಳಿಗೆ ಇದನ್ನೇ ಬಾಯಿಪಾಠ ಮಾಡಿಸ್ತೀವಿ.''

''ಪೊಲೀಸ್ ಸ್ಟೇಷನ್ ಥರ ಆಯ್ತದೆ ಸರ್'' ಎಂದು ನಾನು ನಕ್ಕೆ. ನಿಯಮ ಎಂದು ಬರೆಯಲಿಲ್ಲ. ಬೇಕಾದವರು ಕೇಳಲಿ ಎಂದು ಬಿಟ್ಟೆವು.

ಬೊಂಬೆ ಬೇಡ, ಮಾತಾಡುವ ಮನುಷ್ಯರು ಬೇಕು ಎಂದವರು ಮೇಡಂ. ದೊಡ್ಡ ಊರುಗಳಲ್ಲಿ ರೋಗಿಯ ಪಾತ್ರ ಮಾಡುವುದಕ್ಕೆ ತರಬೇತಿ ಕೊಟ್ಟ ಜನ ಸಿಗುತ್ತಾರಂತೆ. ನಮಗೆ ಎಲ್ಲಿಂದ ಬರಬೇಕು? ನಾಟಕದ ತಂಡದವರನ್ನು ಕರೆದರೆ ಎದೆ ಬಡಿದುಕೊಂಡು ಕಂದಪದ್ಯವನ್ನೇ ಹಾಡಿಬಿಡುತ್ತಾರೆ ಎಂದು ನಾನು ಹೆದರಿಸಿದೆ. ಆಮೇಲೆ ತಡೆದು ತಡೆದು ಕೇಳಿದೆ: ''ದೊಡ್ಡಮ್ಮನ್ನೇ ಕರೆದ್ರೆ?''

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ಮನೆಯಿಂದ ಹೊರಗೆ ಬಂದು, ಎಳೆಯ ಮಕ್ಕಳ ನಡುವೆ ಕೂತರೆ ಕಾಲು ಕೆಳಗಿಡುವ ಮನಸ್ಸಾದರೂ ಬಂದೀತು ಎಂಬ ಆಸೆ. ಅವಳ ಡಾಕ್ಟರನ್ನೂ ಕೇಳಿದೆ. ನಿಲ್ಲಿಸಲು, ನಡೆಸಲು ಅಡ್ಡಿಯಿಲ್ಲ, ಅವರೇ ಒಪ್ಪುತ್ತಿಲ್ಲ ಅಷ್ಟೇ ಎಂದರು. ದೊಡ್ಡಮ್ಮನಿಗೆ ಹೇಳಿದಾಗ, ''ಅಲ್ಲೂ ಮಂಚದ ಮ್ಯಾಲೆ ಕೂತಿರೋದೇ ತಾನೆ? ಬತ್ತೀನಿ ಬಿಡು'' ಎಂದಳು.

ಕಾರ್ಯಾಗಾರದ ದಿನ ಅಣ್ಣ ಅವಳನ್ನು ಕಾರಿನಲ್ಲಿ ನಮ್ಮ ಕಾಲೇಜಿಗೆ ಕರೆತಂದು ಬಿಟ್ಟು ಮಾರ್ಕೆಟ್ಟಿಗೆ ಹೋದ. ಜೊತೆಗೆ ಅತ್ತಿಗೆ ಇದ್ದಳು. ಅತ್ತಿಗೆ ಮಾತು ಕಡಿಮೆ. ಮನೆಗೆಲಸ, ಎರಡು ಹಸು, ಡೈರಿ, ಅತ್ತೆಯ ಸ್ನಾನ, ಅತ್ತೆಯ ಮಾತ್ರೆ, ಎಲ್ಲ ಅವಳದೇ. ಬಂದವಳೇ ಗೋಡೆ ಪಕ್ಕದ ಸ್ಟೂಲಿನ ಮೇಲೆ ಬ್ಯಾಗು ಅವುಚಿಕೊಂಡು ಕೂತಳು. ಗಾಲಿಕುರ್ಚಿಯಲ್ಲಿ ತಂದು ದೊಡ್ಡಮ್ಮನನ್ನು ಮಂಚಕ್ಕೆ ದಾಟಿಸಿದೆವು. ಮಾತಾಡುತ್ತಿರುವುದು ಅವಳದೇ ಕಥೆ ಎಂದು ಮಕ್ಕಳಿಗೆ ಗೊತ್ತಿರಲಿಲ್ಲ. ಹಾಳೆಯಲ್ಲಿದ್ದ ಹಾಗೆ ಹೇಳಬೇಕು ಎಂದು ನಾನು ಅವಳಿಗೆ ಎರಡು ಸಲ ಓದಿ ಹೇಳಿದ್ದೆ. ''ಎದ್ದು ನಿಂತಾಗ ತಲೆ ಸುತ್ತಿತು ಅನ್ನಬೇಕು ದೊಡ್ಡಮ್ಮ.'' ಅವಳು ಆಗಲಿ ಎಂದು ತಲೆಯಾಡಿಸಿದ್ದಳು.

ಮೊದಲ ತಂಡದಲ್ಲಿ ನಮ್ಮ ಕಾಲೇಜಿನ ಒಬ್ಬ ಹುಡುಗಿ, ಲಿಂಗದಹಳ್ಳಿ ಕಡೆಯವಳು, ಬಾಯಿ ಜೋರು. ಫಿಸಿಯೋದಿಂದ ಒಬ್ಬ ಉದ್ದನೆಯ ಹುಡುಗ. ಫಾರ್ಮಸಿಯಿಂದ ಚೌಳಹಿರಿಯೂರಿನ ಒಬ್ಬ ಹುಡುಗಿ. ಅವಳು ರೋಗಿಯನ್ನು ಮಂಚದ ಮೇಲೆ ನೋಡುತ್ತಿರುವುದು ಅದೇ ಮೊದಲು ಎಂಬುದು ಅವಳು ಕೈ ಕಟ್ಟಿ ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ನರ್ಸಿಂಗ್ ಹುಡುಗಿ ಶುರುಮಾಡಿದಳು. ''ಅಜ್ಜಿ, ಚೆನ್ನಾಗಿದೀರಾ? ಊಟ ಆಯ್ತಾ?''

''ಆಯ್ತು ಕಣವ್ವ. ನಿಮ್ದೆಲ್ಲ ಆಯ್ತಾ?''

''ಆಯ್ತು ಅಜ್ಜಿ.''

ಬೆಳಿಗ್ಗೆ ಹತ್ತು ಗಂಟೆ. ಯಾರ ಊಟವೂ ಆಗಿರಲಿಲ್ಲ. ನನಗೂ ಅದು ವಿಚಿತ್ರ ಅನ್ನಿಸಲಿಲ್ಲ. ನಮ್ಮ ಕಡೆ ಇಬ್ಬರು ಎದುರಾದರೆ ಆಡುವ ಮೊದಲ ಮಾತೇ ಅದು. ಆಯಿತು ಎನ್ನುವುದೇ ಅದಕ್ಕೆ ಮರ್ಯಾದೆಯ ಉತ್ತರ. ಇಲ್ಲ ಎಂದರೆ ಕೇಳಿದವರ ತಲೆಗೆ ಅನ್ನ ಹಾಕುವ ಭಾರ ಹೊರಿಸಿದ ಹಾಗೆ.

ಬಿದ್ದ ದಿನದ ವಿಷಯಕ್ಕೆ ಬಂದರು. ಏನಾಯಿತು ಎಂದು ಫಿಸಿಯೋ ಹುಡುಗ ಕೇಳಿದ. ದೊಡ್ಡಮ್ಮ ನನ್ನ ಕಡೆ ಒಮ್ಮೆ ನೋಡಿ, ''ಎದ್ದು ನಿಂತ್ಕಂಡಾಗ ತಲೆ ಸುತ್ತು ಬಂತು'' ಎಂದು ಒಪ್ಪಿಸಿದಳು.

''ಬೆವರು ಬಂತಾ ಅಜ್ಜಿ?'' ನರ್ಸಿಂಗ್ ಹುಡುಗಿ ಕೇಳಿದಳು. ಅವಳ ಹಾಳೆಯಲ್ಲಿ ಅದಿತ್ತು.

''ಬೆವರು ಅಂದ್ರೆ, ರವಿಕೆ ಹಿಂಡ್ಬೋದಾಗಿತ್ತು.''

ಫಿಸಿಯೋ ಹುಡುಗ ಹುಬ್ಬು ಗಂಟಿಕ್ಕಿದ. ''ಅಜ್ಜಿ, ಎದ್ದ ಮೇಲೆ ಬೆವರು ಬಂತಾ, ಎದ್ದೇಳೋಕೆ ಮುಂಚೇನೇ ಬಂದಿತ್ತಾ?''

ದೊಡ್ಡಮ್ಮ ಮತ್ತೆ ನನ್ನನ್ನು ನೋಡಿದಳು. ನಾನು ಮುಖ ತಿರುಗಿಸಿಕೊಂಡೆ, ನಿಯಮ ನಿಯಮವೇ. ಅವಳಿಗೆ ಪಾತ್ರ ಸಾಕಾಯಿತು ಅಂತ ಕಾಣುತ್ತದೆ. ''ಎದ್ದೇ ಇರ್ಲಿಲ್ಲ ಕಣಪ್ಪ ನಾನು. ಇವಳು ಹೇಳ್ಕೊಟ್ಟವ್ಳೆ ಹಂಗೆ ಹೇಳು ಅಂತ. ಕುರ್ಚಿ ಮೇಲೆ ಕೂತ್ಕಂಡು ಕಾಲು ಮುಂದುಕ್ಕೆ ಚಾಚೋದು ಮಾಡ್ತಿದ್ದೆ. ಆವಾಗ್ಲೇ ಕಣ್ಣು ಮಂಜಾಗಿ ಬೆವರು ಇಳೀತು. ಹೇಳೋಣ ಅನ್ನೋ ಅಷ್ಟರಲ್ಲಿ ಅವ್ನು ಎಬ್ಸುದ. ಬಿದ್ದೆ.''

ಮೂವರು ಮಕ್ಕಳೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಪಕ್ಕದಲ್ಲಿ ಸರ್ ಮೆಲ್ಲಗೆ ಕೆಮ್ಮಿದರು. ನಮ್ಮ ಸರಿಯುತ್ತರ ಅಲ್ಲೇ ಮಕಾಡೆ ಮಲಗಿತ್ತು. ಕೂತಿದ್ದಾಗಲೇ ಬೆವರು ಬಂದಿದ್ದರೆ ನಿಂತಾಗ ಬಿ.ಪಿ. ಇಳಿದ ಕಥೆ ಹೇಗೆ ನಿಲ್ಲುತ್ತದೆ? ನನಗೆ 'ನಿಲ್ಲಿಸಿ' ಎನ್ನಬೇಕು ಅನ್ನಿಸಿತು. ಮೇಡಂ ನನ್ನ ಮೊಣಕೈ ಹಿಡಿದು, ''ಇರಿ ಮೇಡಂ, ನಡೀಲಿ'' ಎಂದರು.

''ಸಕ್ಕರೆ ಇಳಿದಿತ್ತೇನೋ'' ಎಂದಳು ನಮ್ಮ ಹುಡುಗಿ. ಆಮೇಲೆ ತಾನೇ, ''ಆದ್ರೆ ಕೈ ನಡುಗಿಲ್ಲ, ಎದೆ ಹೊಡ್ಕೊಂಡಿಲ್ಲ ಅಂತ ಇದೆಯಲ್ಲ'' ಎಂದು ಪೆನ್ನು ಕೆಳಗಿಟ್ಟಳು. ನಾನು ಕಲಿಸಿದ್ದನ್ನೇ ಹೇಳಿದಳು, ಪಾಪ.

ಆಗ ಫಾರ್ಮಸಿ ಹುಡುಗಿ ಮೊದಲ ಸಲ ಬಾಯಿ ತೆರೆದಳು. ''ಅಕ್ಕ, ಬಿ.ಪಿ.ಗೆ ಅಟೆನೊಲಾಲ್ ಇದೆ ಅಲ್ವಾ ಚೀಟೀಲಿ. ಆ ಮಾತ್ರೆ ತಗೊಳ್ಳೋರಿಗೆ ಸಕ್ಕರೆ ಇಳಿದ್ರೂ ನಡುಕ ಕಾಣಿಸ್ದೇ ಇರ್ಬೋದು, ಎದೆ ಬಡಿತಾನೂ ಜೋರಾಗಲ್ಲ. ಬೆವರು ಮಾತ್ರ ತಪ್ಪಲ್ಲ.''

ಪೆನ್ನು ಅವಳ ಕೈಗೆ ಹೋಯಿತು. ಆ ಕೋಣೆಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಗಳಿಗೆ ಅದು ಎಂದು ಸುಳ್ಳು ಹೇಳಲಾರೆ. ಮೊದಲು ನಾಚಿಕೆಯಾಯಿತು, ಖುಷಿ ಆಮೇಲೆ ಬಂತು.

''ಸಕ್ಕರೆ ಇಳೀಬೇಕು ಅಂದ್ರೆ ಖಾಲಿ ಹೊಟ್ಟೆ ಇರ್ಬೇಕಲ್ಲ'' ಎಂದು ಫಿಸಿಯೋ ಹುಡುಗ ಅಡ್ಡ ಹಾಕಿದ. ''ತಿಂಡಿ ಆಗಿತ್ತು ಅಂತ ನನ್ನ ಹಾಳೇಲಿದೆ. ಅವತ್ತು ಬಂದಿದ್ದ ಫಿಸಿಯೋನೂ ಕೇಳಿದಾನೆ. ಅಜ್ಜಿ, ಅವತ್ತು ತಿಂಡಿ ಆಗಿತ್ತಲ್ಲ?''

''ಆಗಿತ್ತು ಕಣಪ್ಪ'' ಎಂದಳು ದೊಡ್ಡಮ್ಮ.

ಫಾರ್ಮಸಿ ಹುಡುಗಿ ಮಂಚದ ಹತ್ತಿರಕ್ಕೆ ಒಂದು ಹೆಜ್ಜೆ ಬಂದಳು. ಬಾಯಿಪಾಠ ಒಪ್ಪಿಸುವವಳ ದನಿಯಲ್ಲೇ ಕೇಳಿದಳು: ''ಅಜ್ಜಿ, ಅವತ್ತು ಸಕ್ಕರೆ ಮಾತ್ರೆ ತಗೊಂಡಮೇಲೆ ಏನ್ ತಿಂದ್ರಿ?''

ಆಯಿತೇ ಎಂದರೆ ಆಯಿತು ಎನ್ನಬಹುದು. ಅದು ಬರೀ ಮಾತಿನ ಮರ್ಯಾದೆ, ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ. ಏನು ತಿಂದೆ ಎಂದರೆ ಹೆಸರು ಹೇಳಬೇಕು. ರೊಟ್ಟಿಯೋ, ಮುದ್ದೆಯೋ, ಉಪ್ಪಿಟ್ಟೋ. ತಿನ್ನದ ರೊಟ್ಟಿಯನ್ನು ತಿಂದೆ ಎನ್ನುವುದು ದೊಡ್ಡಮ್ಮನ ಬಾಯಲ್ಲಿ ಬರುವ ಮಾತಲ್ಲ. ಅನ್ನದ ವಿಷಯದಲ್ಲಿ ಸುಳ್ಳಾಡಿದರೆ ಅನ್ನ ದೂರವಾಗುತ್ತದೆ ಎಂದು ನಮಗೆಲ್ಲ ಹೇಳಿ ಬೆಳೆಸಿದವಳೇ ಅವಳು.

ಅವಳು ಗೋಡೆ ಪಕ್ಕ ಕೂತಿದ್ದ ಅತ್ತಿಗೆಯ ಕಡೆ ನೋಡಿದಳು. ಆಮೇಲೆ ಮೂವರು ಮಕ್ಕಳ ಮುಖ ಒಂದೊಂದಾಗಿ ನೋಡಿದಳು.

''ಇದುನ್ನ ಒಬ್ಬುರ ಹತ್ರ ಹೇಳುದ್ರೆ ಇನ್ನೊಬ್ಬುರ ಮೇಲೆ ಹಾಕ್ತಾರೆ'' ಎಂದಳು. ''ಡಾಕ್ಟ್ರಿಗೆ ಹೇಳುದ್ರೆ ಮನೇರ್ನ ಬೈತಾರೆ. ಮನೇರ್ಗೆ ಹೇಳುದ್ರೆ ಆ ಹುಡುಗುನ್ನ ಬೈತಾರೆ. ನೀವು ಮೂರು ಜನಾನೂ ಒಟ್ಗೆ ಎದುರಿಗೇ ನಿಂತಿದೀರಲ್ಲ, ಯಾರ ಮೇಲೆ ಹಾಕ್ತೀರಿ? ಕೇಳಿ ಹಂಗಾರೆ. ಅವತ್ತು ನಾನು ಏನೂ ತಿಂದಿರ್ಲಿಲ್ಲ.''

ಅತ್ತಿಗೆ ತಲೆ ಎತ್ತಿದಳು.

''ಇವಳು ಮಾತ್ರೆ ಕೊಟ್ಟು, ಡೈರಿಗೆ ಹಾಲು ಹಾಕಿ ಬಂದು ರೊಟ್ಟಿ ತಟ್ತೀನಿ ಅಂತ ಹೋದ್ಲು. ದಿನಾ ಹಂಗೇ, ಬಂದ್ಬಿಡೋಳು. ಅವತ್ತು ಅಲ್ಲಿ ಮಿಷನ್ ಕೆಟ್ಟು ಸಾಲು ನಿಂತ್ಬಿಟ್ಟಿತ್ತಂತೆ. ಅಷ್ಟರಲ್ಲಿ ಆ ಹುಡುಗ ಬಂದ. ತಿಂಡಿ ಆಯ್ತಾ ಅಜ್ಜಿ ಅಂದ. ಹೊರಗ್ಲಿಂದ ಬಂದೋರ ಮುಂದೆ ಇನ್ನೂ ಉಂಡಿಲ್ಲ ಅಂದ್ರೆ, ಸೊಸೆ ಮುದುಕಿಗೆ ಹಿಟ್ಟಿಕ್ಕಲ್ಲ ಅಂತ ಊರೆಲ್ಲ ಆಯ್ತದೆ. ಆಯ್ತು ಅಂದೆ.''

''ಆಮೇಲಾದ್ರೂ ಹೇಳ್ಬೋದಿತ್ತಲ್ಲ ಅಜ್ಜಿ'' ಎಂದಳು ನಮ್ಮ ಹುಡುಗಿ.

''ಹಸ್ಕೊಂಡಿದ್ರೆ ಬೀಳ್ತಾರೆ ಅಂತ ನಂಗೇನ್ ಗೊತ್ತು? ಹಸ್ಕೊಂಡೇ ಕಳೆ ಕಿತ್ತಿದೀನಿ, ನೀರು ಹೊತ್ತಿದೀನಿ. ನನ್ನ ಕಾಲೇ ಕೈಕೊಡ್ತು ಅಂದ್ಕಂಡೆ.''

ಫಾರ್ಮಸಿ ಹುಡುಗಿಯ ದನಿ ಈಗ ಬಾಯಿಪಾಠದ ದನಿಯಾಗಿರಲಿಲ್ಲ. ''ಆವಾಗ ಈ ಮಾತ್ರೆ ಇರ್ಲಿಲ್ಲ ಅಜ್ಜಿ. ಇದನ್ನ ನುಂಗಿದ ಮೇಲೆ ಉಣ್ಣಲೇಬೇಕು, ಇಲ್ದಿದ್ರೆ ಮೈಯಲ್ಲಿರೋ ಸಕ್ಕರೇನೇ ಇಳಿದ್ಬಿಡ್ತದೆ. ಅದರ ಮೇಲೆ ವ್ಯಾಯಾಮ ಬೇರೆ. ನಿಮ್ಮ ಕಾಲಿನ ತಪ್ಪು ಇದ್ದಂಗಿಲ್ಲ.''

''ಕಾಫಿ ಕುಡಿದ ಮೇಲೆ ಸರಿಹೋಯ್ತಲ್ಲ, ಅದರಲ್ಲಿ ಸಕ್ಕರೆ ಇತ್ತಾ?'' ಎಂದು ನಮ್ಮ ಹುಡುಗಿ ಕೇಳಿದಳು.

ಅದಕ್ಕೆ ಉತ್ತರ ಕೊಟ್ಟವಳು ಅತ್ತಿಗೆ. ಅವಳು ಸ್ಟೂಲಿನಿಂದ ಎದ್ದಿದ್ದಳು. ''ಪಕ್ಕದ ಮನೆಯೋರು ಮಾಡಿದ್ದು. ಅವರ್ಗೆ ಅತ್ತೆಗೆ ಸಕ್ಕರೆ ಹಾಕ್ಬಾರ್ದು ಅಂತ ಗೊತ್ತಿರ್ಲಿಲ್ಲ. ಪಾಕ ಥರ ಇತ್ತು. ನಾನು ಬಂದು ಲೋಟ ತೊಳ್ದೆ.'' ಅವಳ ಕಣ್ಣು ತುಂಬಿತ್ತು. ''ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ ಅತ್ತೆ? ಇಷ್ಟು ದಿನ ಹಿಂಗೆ ಕೂತಿದ್ರಲ್ಲ.''

''ನೀನು ಸುಮ್ನಿರೇ'' ಎಂದಳು ದೊಡ್ಡಮ್ಮ.

ಅವತ್ತು ಯಾರೂ ಸಕ್ಕರೆ ನೋಡಿರಲಿಲ್ಲವಾದ್ದರಿಂದ ಇದು ಹೀಗೇ ಎಂದು ಆಣೆ ಮಾಡುವಂತಿಲ್ಲ. ಮಕ್ಕಳು ಅದನ್ನೂ ಬರೆದರು: ಸಾಧ್ಯತೆ ಹೆಚ್ಚು, ಡಾಕ್ಟರಿಗೆ ತಿಳಿಸಬೇಕು, ಮಾತ್ರೆ ಬದಲಾಯಿಸುವುದು ಅವರ ಕೆಲಸ. ಮಾತ್ರೆ ತಟ್ಟೆಯ ಪಕ್ಕದಲ್ಲಿರಲಿ, ಹಾಸಿಗೆಯ ಪಕ್ಕ ಬೇಡ. ವ್ಯಾಯಾಮ ತಿಂಡಿ ಆದ ಮೇಲೆ, ಸಕ್ಕರೆ ನೋಡಿ. ಬೆವರು ಬಂದರೆ ಅಲ್ಲಿಗೇ ನಿಲ್ಲಿಸಿ ಸಕ್ಕರೆ ನೀರು ಕೊಡುವುದು, ಕಾಲು ಗಂಟೆ ಬಿಟ್ಟು ಮತ್ತೆ ನೋಡುವುದು. ಒಂದೊಂದು ಸಾಲಿಗೂ ಮೂವರೂ ತಕರಾರು ಮಾಡಿಕೊಂಡರು. ಫಿಸಿಯೋ ಹುಡುಗನಿಗೆ ಮಾತ್ರ ಇನ್ನೊಂದು ಅನುಮಾನ ಉಳಿದಿತ್ತು. ನಿಂತಾಗ ಬಿ.ಪಿ. ಇಳಿಯುವುದೇ ಇಲ್ಲ ಎಂದು ನೋಡದೆ ಬರೆಯುವುದು ಹೇಗೆ?

''ಅಜ್ಜಿ, ನಿಂತ್ಕೋಬೇಕಾಗ್ತದೆ'' ಎಂದ.

ಇದು ನಮ್ಮ ಯೋಜನೆಯಲ್ಲಿ ಇತ್ತು, ಆದರೆ ಬಾಯಲ್ಲಿ ಹೇಳುವುದಕ್ಕೆ ಮಾತ್ರ, ನಿಜವಾಗಿ ನಿಲ್ಲಿಸುವುದಕ್ಕಲ್ಲ. ನಾನು ಎದ್ದು ನಿಂತೆ. ಮೇಡಂ ನನಗಿಂತ ಮೊದಲೇ ಮಂಚದ ಹತ್ತಿರ ಇದ್ದರು, ಸೊಂಟಕ್ಕೆ ಕಟ್ಟುವ ಅಗಲ ಪಟ್ಟಿ ಅವರ ಕೈಯಲ್ಲಿತ್ತು.

ಮೊದಲು ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರು. ಸರಿಯಿತ್ತು. ಇವತ್ತು ಬೆಳಿಗ್ಗೆ ಏನು ತಿಂದಿರಿ ಎಂದೂ ಕೇಳಿದರು. ಎರಡು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಎಂದು ದೊಡ್ಡಮ್ಮ ಗಟ್ಟಿಯಾಗಿಯೇ ಹೇಳಿದಳು. ಮಲಗಿಸಿ ಬಿ.ಪಿ. ನೋಡಿದರು. ಕೂರಿಸಿದರು, ಕಾಲು ಇಳಿಬಿಡಿಸಿ ಸ್ವಲ್ಪ ಹೊತ್ತು ಬಿಟ್ಟರು. ಪಟ್ಟಿ ಕಟ್ಟಿ, ವಾಕರ್ ಮುಂದಿಟ್ಟರು. ದೊಡ್ಡಮ್ಮ ವಾಕರನ್ನು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದಳು, ಉಸಿರು ಬಿಗಿ ಹಿಡಿದಳು, ಎದ್ದಳು.

ನಿಂತ ಮೇಲೆ ಒಂದು ಸಲ, ಇನ್ನೆರಡು ನಿಮಿಷ ಬಿಟ್ಟು ಇನ್ನೊಂದು ಸಲ ಬಿ.ಪಿ. ನೋಡಿದರು. ಇಳಿಯಲಿಲ್ಲ. ನಮ್ಮ ಹುಡುಗಿ ಅಂಕಿ ಓದಿ ಹೇಳಿದಳು. ಫಾರ್ಮಸಿ ಹುಡುಗಿ ಬರೆದುಕೊಂಡಳು. ಪರೀಕ್ಷೆ ಮುಗಿದಿತ್ತು. ಕೂತುಕೊಳ್ಳಿ ಅಜ್ಜಿ ಎಂದು ಫಿಸಿಯೋ ಹುಡುಗ ಹೇಳಿದ.

ದೊಡ್ಡಮ್ಮ ಕೂರಲಿಲ್ಲ. ವಾಕರನ್ನು ಒಂದು ಗೇಣು ಮುಂದೆ ಸರಿಸಿ, ಅದರ ಹಿಂದೆ ಆಪರೇಷನ್ ಆದ ಕಾಲು ಇಟ್ಟಳು. ಆಮೇಲೆ ಇನ್ನೊಂದು ಕಾಲು. ಬಾಗಿಲ ಕಡೆಗೆ ಹೊರಟಿದ್ದಾಳೆ ಎಂದು ನಮಗೆಲ್ಲ ಗೊತ್ತಾಯಿತು. ಹುಡುಗ ಹಿಂದಿನಿಂದ ಸೊಂಟದ ಪಟ್ಟಿ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದ. ನಮ್ಮ ಹುಡುಗಿ ಅವಳ ಮುಖವನ್ನೇ, ಹಣೆಯನ್ನೇ ನೋಡುತ್ತ ಪಕ್ಕದಲ್ಲಿ ಹೋಗುತ್ತಿದ್ದಳು. ಫಾರ್ಮಸಿ ಹುಡುಗಿ ಹೇಳದೆಯೇ ಗಾಲಿಕುರ್ಚಿಯನ್ನು ಹಿಂದೆ ತಳ್ಳಿಕೊಂಡು ಹೊರಟಳು. ಅತ್ತಿಗೆಗೆ ತಡೆಯಲಾಗಲಿಲ್ಲ. ಬ್ಯಾಗು ಕೆಳಗೆ ಹಾಕಿ ಓಡಿ ಬಂದು ಅತ್ತೆಯ ತೋಳು ಹಿಡಿದುಕೊಂಡಳು.

ದೊಡ್ಡಮ್ಮ ನಿಂತಳು. ''ಕೈ ಬಿಡೇ'' ಎಂದಳು. ''ಅವರು ಮೂರು ಜನ ಅವ್ರೆ. ನೀನು ಹಿಡ್ಕಂಡಾಗ ಬಿದ್ರೆ ನಿನ್ನ ಮೇಲೆ ಬತ್ತದೆ.''